ದಲ್ಲಾಳಿ ಫೋನ್ ಮಾಡಿದ ಸಂಜೆ ಥರ್ಮಾಮೀಟರ್ ತೋರಿಸಿದ್ದು

ನಮ್ಮದು ಶಿಗ್ಗಾಂವಿ ಕಡೆಯ ಒಂದು ಸಣ್ಣ ಹಂದಿ ಫಾರ್ಮ್. ಬಿಳಿ ಯಾರ್ಕ್‌ಷೈರ್ ತಳಿ, ಒಂದಿಷ್ಟು ಮಿಶ್ರ ತಳಿ. ರೋಗ ಬಂದಾಗ ಒಟ್ಟು 46 ಇದ್ದವು. ತಾಯಿ ಹಂದಿ ಆರು, ಗಂಡು ಒಂದು, ಬೆಳೆಯುತ್ತಿದ್ದವು 18, ಹಾಲು ಬಿಡಿಸಿದ ಮರಿ 21. ಗೋವಿನಜೋಳದ ನುಚ್ಚು, ತೌಡು ಹಾಕುತ್ತಿದ್ದೆ. ವಾರಕ್ಕೆ ಮೂರು ಸಲ ಹುಬ್ಬಳ್ಳಿಯಿಂದ ಹೋಟೆಲ್ ಮುಸುರೆಯೂ ಬರುತ್ತಿತ್ತು.

ಒಂದು ಸೋಮವಾರ ದಲ್ಲಾಳಿಯ ಟೆಂಪೊ ಬಂತು. ನಾಲ್ಕು ಹಂದಿ ಏರಿಸಿಕೊಂಡು ಹೋದ. ಟೆಂಪೊದಲ್ಲಿ ಆಗಲೇ ಬೇರೆ ಕಡೆಯ ಮೂರು ಹಂದಿ ಇದ್ದವು. ಕೆಳಗೆಲ್ಲ ಸಗಣಿ ಸೋರುತ್ತಿತ್ತು. ನಾನು ನೋಡಿದೆ, ಏನೂ ಅನ್ನಿಸಲಿಲ್ಲ. ಟೆಂಪೊ ಶೆಡ್ಡಿನ ಬಾಗಿಲ ತನಕ ಬರುವುದು ಮೊದಲಿನಿಂದಲೂ ರೂಢಿ.

ಎಂಟು ದಿನ ಬಿಟ್ಟು ಮಂಗಳವಾರ ಸಂಜೆ, ಬಾಗಿಲಿಗೆ ಹತ್ತಿರದ ಕೋಣೆಯಲ್ಲಿ ಒಂದು ಹಂದಿ ಮೇವಿಗೆ ಏಳಲಿಲ್ಲ. ಮುಟ್ಟಿದರೆ ಕಾದ ಹಂಚು. ಥರ್ಮಾಮೀಟರ್ ಇಟ್ಟು ನೋಡಿದೆ: 106.4. ಹಂದಿಗೆ 102ರ ಆಸುಪಾಸು ಇರಬೇಕು, 103.5 ದಾಟಿದರೆ ಜ್ವರ. ಮೈ ಮೇಲೆ ಆಗ ಏನೂ ಇರಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಸತ್ತಿತ್ತು. ಕಿವಿ, ಹೊಟ್ಟೆಯ ಅಡಿ, ತೊಡೆಯ ಒಳಭಾಗ ಎಲ್ಲ ಕೆಂಪಗೆ, ಕಿವಿಯ ತುದಿ ನೇರಳೆ. ಅದೇ ಕೋಣೆಯ ಇನ್ನೊಂದಕ್ಕೆ 105.8.

ಊರ ಪಶು ಆಸ್ಪತ್ರೆಯ ಡಾಕ್ಟರು ಬಂದರು. ಮೊದಲು ಅವರಿಗೂ ಎರಡು ಮೂರು ಅನುಮಾನ. ಮೊದಲಿನಿಂದಲೂ ಇರುವ ಹಂದಿ ಜ್ವರ ಇರಬಹುದು, ಅದಕ್ಕೆ ಲಸಿಕೆ ಇದೆ, ನಾನು ಹಾಕಿಸಿದ್ದೆ. ಎರಿಸಿಪೆಲಸ್ ಅನ್ನುವ ಇನ್ನೊಂದು ರೋಗದಲ್ಲೂ ಚರ್ಮ ಕೆಂಪಾಗುತ್ತದೆ, ಆದರೆ ಅದು ಚೌಕ ಚೌಕ ಗುಳ್ಳೆಯ ಹಾಗೆ ಏಳುತ್ತದೆ. ಪೆನಿಸಿಲಿನ್ ಕೊಟ್ಟರೆ ಒಂದೆರಡು ದಿನದಲ್ಲಿ ಹತೋಟಿಗೆ ಬರುತ್ತದೆ. ಸರಿ, ಪೆನಿಸಿಲಿನ್ನೂ ಜ್ವರದ ಇಂಜೆಕ್ಷನ್ನೂ ಹಾಕಿದರು.

ಗುರುವಾರ ಬೆಳಗ್ಗೆ ನಾನು ಮೋಸ ಹೋದೆ. ಇಂಜೆಕ್ಷನ್ ಹಾಕಿದ ಹಂದಿಯ ಜ್ವರ 101ಕ್ಕೆ ಇಳಿದಿತ್ತು. ಖುಷಿಯಾಗಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಮೇವು ತಿಂತೇನ್ರೀ?" ಇಲ್ಲ ಅಂದೆ. "ಹಂಗಾರ ಅದು ಇಳದದ್ದಲ್ಲರೀ, ಹೊಂಟದ್ದು" ಅಂದರು. ಸಾಯುವ ಮೊದಲು ಮೈ ತಣ್ಣಗಾಗುತ್ತದೆ, ಔಷಧಿ ಹಿಡಿಯಿತು ಅಂತ ಜನ ತಿಳಿಯುತ್ತಾರೆ. ಮಧ್ಯಾಹ್ನ ಮೂರಕ್ಕೆ ಅದೂ ಹೋಯಿತು.

ಅವತ್ತು ಡಾಕ್ಟರು ಮತ್ತೆ ಬಂದು, ಆಫ್ರಿಕನ್ ಹಂದಿ ಜ್ವರದ ಅನುಮಾನ ಇದೆ ಅಂತ ಬಾಯಿ ಬಿಟ್ಟು ಹೇಳಿದರು. ಈ ಹೆಸರನ್ನು ನಾನು 2020ರಲ್ಲಿ ಅಸ್ಸಾಂ ಸುದ್ದಿಯಲ್ಲಿ, 2022ರಲ್ಲಿ ವಯನಾಡಿನ ಸುದ್ದಿಯಲ್ಲಿ ಕೇಳಿದ್ದೆ, ಅಷ್ಟೇ. ಇದಕ್ಕೆ ಔಷಧಿ ಇಲ್ಲ, ನಮ್ಮ ದೇಶದಲ್ಲಿ ಹಾಕಿಸುವ ಲಸಿಕೆಯೂ ಇಲ್ಲ. ಮನುಷ್ಯರಿಗೆ ಬರುವುದಿಲ್ಲ, ದನ ಕುರಿ ನಾಯಿಗೂ ಇಲ್ಲ. ಹಂದಿಗೆ ಮಾತ್ರ, ಕಾಡುಹಂದಿಗೂ ಸೇರಿ.

ಸತ್ತದ್ದನ್ನು ಕೊಯ್ದು ನೋಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಶೆಡ್ಡಿನ ಹತ್ತಿರ ಬೇಡ ಅಂದರು. ಈ ವೈರಸ್ ರಕ್ತದಲ್ಲೇ ಜಾಸ್ತಿ ಇರುವುದು, ಒಂದು ಹನಿ ನೆಲಕ್ಕೆ ಬಿದ್ದರೂ ತೊಂದರೆ. ಹೊಲದಲ್ಲಿ ಗುಂಡಿ ತೆಗೆಸಿ, ಅದರ ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಹೊಟ್ಟೆ ಮಾತ್ರ ಸ್ವಲ್ಪ ತೆರೆದರು. ಗುಲ್ಮ ಎರಡು ಪಟ್ಟು ಊದಿ ಕಪ್ಪಾಗಿತ್ತು, ಬೆರಳಿಟ್ಟರೆ ಒಡೆಯುವ ಹಾಗೆ. ಗ್ರಂಥಿಗಳು ಹೆಪ್ಪುಗಟ್ಟಿದ ರಕ್ತದ ಉಂಡೆಯಂತೆ ಇದ್ದವು. ಗುಲ್ಮದ ಚೂರು, ಗ್ರಂಥಿ, ಜ್ವರ ಇದ್ದ ಹಂದಿಯ ರಕ್ತ, ಇಷ್ಟನ್ನು ಮೂರು ಸುತ್ತು ಪ್ಯಾಕ್ ಮಾಡಿ ಐಸಿನಲ್ಲಿಟ್ಟು ಕಳಿಸಿದರು. ಕೊನೆಯ ಖಾತ್ರಿ ಭೋಪಾಲದ ಪ್ರಯೋಗಾಲಯದಿಂದ ಬರಬೇಕು. ಹಾಸಿದ ಪ್ಲಾಸ್ಟಿಕ್ಕೂ ಅದೇ ಗುಂಡಿಗೆ.

ಅವತ್ತೇ ಸಂಜೆ ದಲ್ಲಾಳಿ ಫೋನ್ ಮಾಡಿದ. ಸುದ್ದಿ ಅದಾಗಲೇ ಹಬ್ಬಿತ್ತು.

"ಅಣ್ಣಾರ, ಚಲೋ ಇದ್ದದ್ದು ಇವತ್ತ ರಾತ್ರಿ ಕೊಟ್ಟಬಿಡ್ರಿ. ಅರ್ಧ ರೇಟ್ ಆದ್ರೂ ಕೈಗೆ ಬರತೈತಿ. ರಿಪೋರ್ಟ್ ಬಂತಂದ್ರ ಎಲ್ಲಾ ಮಣ್ಣಾಗ ಹೋಗತಾವು."

ಸುಳ್ಳೇನೂ ಅಲ್ಲ ಅವನು ಹೇಳಿದ್ದು. ನನ್ನ ತಮ್ಮನೂ ಅದೇ ಹೇಳಿದ. ಎರಡನೇ ಮತ್ತು ಮೂರನೇ ಕೋಣೆಯ 12 ಹಂದಿ ಚೆನ್ನಾಗಿಯೇ ತಿನ್ನುತ್ತಿದ್ದವು, ಓಡಾಡುತ್ತಿದ್ದವು. ಸರ್ಕಾರದ ಆದೇಶ ಇನ್ನೂ ಬಂದಿರಲಿಲ್ಲ. ತಡೆಯುವವರು ಯಾರೂ ಇರಲಿಲ್ಲ. ಅರ್ಧ ತಾಸು ಕಟ್ಟೆ ಮೇಲೆ ಸುಮ್ನೆ ಕೂತೆ. ಆಮೇಲೆ, ಕೊಡುವುದಾದರೆ ನೋಡಿಯೇ ಕೊಡೋಣ ಅಂತ ಥರ್ಮಾಮೀಟರ್ ತಗೊಂಡು ಹೋದೆ.

ಅದರ ಹಿಂದಿನ ದಿನ ಡಾಕ್ಟರು ನನ್ನನ್ನು ಬೈದಿದ್ದರು. ರೋಗದ ಕೋಣೆಯಿಂದ ಶುರುಮಾಡಿ ಅದೇ ಥರ್ಮಾಮೀಟರನ್ನು ಮರಿಗಳಿಗೂ ಇಟ್ಟಿದ್ದೆ! ನಾನೇ ಹಚ್ಚಿಕೊಂಡು ಬಂದ ಹಾಗೆ, ಅಲ್ವಾ? ಅವತ್ತಿನಿಂದ ಕ್ರಮ ಬದಲಾಯಿತು. ಮೊದಲು ಮರಿ, ಆಮೇಲೆ ತಾಯಿ ಹಂದಿ, ಆಮೇಲೆ ದೂರದ ಕೋಣೆ, ಕೊನೆಗೆ ರೋಗದ ಕೋಣೆ. ಪ್ರತಿ ಹಂದಿಗೂ ಒರೆಸಿ ಔಷಧಿ ನೀರಿನಲ್ಲಿ ಅದ್ದುವುದು.

ಮೂರನೇ ಕೋಣೆಯ ಆರೂ 102ರಿಂದ 103ರ ಒಳಗೆ ಇದ್ದವು. ಎರಡನೇ ಕೋಣೆಯಲ್ಲಿ ಮೂರಕ್ಕೆ 105, 105.2, 104.6. ಮೂರೂ ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದವು. ಮೈ ಬೆಳ್ಳಗೆ, ಒಂದು ಕೆಂಪು ಚುಕ್ಕೆ ಇಲ್ಲ. ಅವನ್ನು ಆ ರಾತ್ರಿ ಮಾರಿದ್ದರೆ ಯಾವ ಊರಿನ ಯಾರೂ ಅನುಮಾನ ಪಡುತ್ತಿರಲಿಲ್ಲ. ನನ್ನ ಫಾರ್ಮಿಗೆ ರೋಗ ಬಂದದ್ದೂ ಹೀಗೇ ಇರಬೇಕು. ತಮ್ಮನಿಗೆ ಜ್ವರ ಬರೆದುಕೊಂಡ ಚೀಟಿ ತೋರಿಸಿದೆ. ಅವನು ಮತ್ತೆ ಮಾತಾಡಲಿಲ್ಲ.

ಒಂದು ಮಾತು ಇಲ್ಲಿ ಹೇಳಬೇಕು. ಬಿಳಿ ಹಂದಿಯಲ್ಲಿ ಕೆಂಪು ಕಾಣುತ್ತದೆ, ನಾಡ ಕರಿ ಹಂದಿಯಲ್ಲಿ ಏನೂ ಕಾಣುವುದಿಲ್ಲ. ಬಿಳಿಯದರಲ್ಲೂ ಕೆಂಪು ಬರುವಷ್ಟರಲ್ಲಿ ಒಂದೆರಡು ದಿನ ಜ್ವರ ಇದ್ದೇ ಇರುತ್ತದೆ. ಚರ್ಮ ನೋಡಿ ತೀರ್ಮಾನ ಮಾಡುವವರು ಎರಡು ದಿನ ಹಿಂದೆ ಬಿದ್ದಿರುತ್ತಾರೆ.

ಆ ರಾತ್ರಿಯೇ ಗೇಟಿಗೆ ಬೀಗ ಹಾಕಿದೆ. ಮುಸುರೆಯವನಿಗೆ ಬರಬೇಡ ಅಂದೆ. ಆಳು ಮಗ ಒಬ್ಬನೇ, ಅವನ ಮನೆಯಲ್ಲಿ ಹಂದಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಫಾರ್ಮಿನಲ್ಲೇ ಮಲಗಲು ಹೇಳಿದೆ. ನಾಯಿ ಕಟ್ಟಿಹಾಕಿದೆವು, ಯಾಕಂದರೆ ಸತ್ತ ಹಂದಿಯ ಚೂರು ಎಳೆದುಕೊಂಡು ಹೋಗುವುದು ಅದೇ. ಶೆಡ್ಡಿಗೆ ಬೇರೆ ಚಪ್ಪಲಿ, ಮನೆಗೆ ಬೇರೆ. ಬಾಗಿಲಲ್ಲಿ ಕಾಸ್ಟಿಕ್ ಸೋಡಾ ನೀರಿನ ಬಾನಿ, ಹತ್ತು ಲೀಟರಿಗೆ 200 ಗ್ರಾಂ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು, ಸಿಡಿಯುತ್ತದೆ. ಕೈಗೆ ರಬ್ಬರ್ ಗವುಸು ಬೇಕೇ ಬೇಕು. ಮೊದಲ ದಿನ ಸಗಣಿ ಮೆತ್ತಿದ ಬೂಟನ್ನೇ ಅದರಲ್ಲಿ ಅದ್ದುತ್ತಿದ್ದೆವು. ಅದರಿಂದ ಏನೂ ಆಗುವುದಿಲ್ಲ. ಮೊದಲು ಬ್ರಷ್ ಹಾಕಿ ಸಗಣಿ ತೆಗೆಯಬೇಕು, ಆಮೇಲೆ ಅದ್ದಬೇಕು, ನೀರು ದಿನಾ ಬದಲಿಸಬೇಕು. ಕೆಲವರು ಗೇಟಿನ ಮುಂದೆ ಒಣ ಸುಣ್ಣದ ಗೆರೆ ಎಳೆದು ನಿಶ್ಚಿಂತೆಯಾಗಿ ಕೂರುತ್ತಾರೆ. ಅದು ನೋಡುವವರಿಗೆ ಚೆಂದ, ಅಷ್ಟೇ.

ರಿಪೋರ್ಟ್ ಬರಲು ಆರು ದಿನ ಹಿಡಿಯಿತು. ಆ ಆರು ದಿನ ಊರಲ್ಲಿ ನನ್ನನ್ನು ನೋಡಿ ನಕ್ಕವರೂ ಇದ್ದರು. ದೊಡ್ಡ ರೋಗ ಆಗಿದ್ದರೆ ಎಲ್ಲ ಒಂದೇ ಸಲ ಸಾಯಬೇಕಿತ್ತಲ್ಲ, ಮರಿಗಳು ಆಡುತ್ತಿವೆಯಲ್ಲ ಅಂತ. ಈ ರೋಗ ಗಾಳಿಯಲ್ಲಿ ಶೆಡ್ಡಿಂದ ಶೆಡ್ಡಿಗೆ ಹಾರುವುದಿಲ್ಲ. ರಕ್ತ, ಸಗಣಿ, ಮೇವಿನ ಬಾನಿ, ಬೂಟು, ಇವುಗಳ ಮೇಲೆ ನಡೆದುಕೊಂಡು ಹೋಗುತ್ತದೆ. ಒಂದು ಕೋಣೆ ಖಾಲಿ ಮಾಡಿ ಆಮೇಲೆ ಪಕ್ಕದ್ದಕ್ಕೆ ಕೈ ಹಾಕುತ್ತದೆ. ಆರನೇ ದಿನಕ್ಕೆ ಒಟ್ಟು 11 ಸತ್ತಿದ್ದವು. ಮೊದಲ ಕೋಣೆಯ ಆರೂ, ಎರಡನೆಯದರಲ್ಲಿ ನಾಲ್ಕು, ಗಬ್ಬ ಇದ್ದ ತಾಯಿ ಒಂದು. ಅದು ಮರಿ ಕಂದು ಹಾಕಿ ಮರುದಿನ ಸತ್ತಿತು.

ರಿಪೋರ್ಟ್ ಪಾಸಿಟಿವ್. ಫಾರ್ಮಿನ ಸುತ್ತ ಒಂದು ಕಿಲೋಮೀಟರ್ ರೋಗಪೀಡಿತ ವಲಯ, ಹತ್ತು ಕಿಲೋಮೀಟರ್ ತನಕ ನಿಗಾ ವಲಯ ಅಂತ ಆದೇಶ ಬಂತು. ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು. ನಿಗಾ ವಲಯದಿಂದ ಹಂದಿ, ಮಾಂಸ, ಹಂದಿಯ ಮೇವು ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ.

ನನ್ನ 35ನ್ನು ಕೊಂದದ್ದರ ಬಗ್ಗೆ ಜಾಸ್ತಿ ಬರೆಯಲಾರೆ. ಗುಂಡಿಯ ಜಾಗ ಹುಡುಕಲು ಅರ್ಧ ದಿನ ಹೋಯಿತು. ಬೋರಿಗೂ ಹಳ್ಳಕ್ಕೂ ದೂರ ಇರಬೇಕು, ಎರೆ ಮಣ್ಣಿನಲ್ಲಿ ನೀರು ನಿಲ್ಲುತ್ತದೆ. ಕೊನೆಗೆ ಮೇಲಿನ ಮಡ್ಡಿಯಲ್ಲಿ ಜೆಸಿಬಿಯಿಂದ ಹತ್ತು ಅಡಿ ತೋಡಿ, ಸುಣ್ಣ ಹಾಕಿ ಮುಚ್ಚಿದರು.

ಕಷ್ಟವಾದದ್ದು ಊರ ಬೀದಿಯ ಹಂದಿಗಳದ್ದು. ಬಿಟ್ಟು ಮೇಯಿಸುವವು. ಲೆಕ್ಕ ಕೇಳಲು ಬಂದಾಗ ಯಾರದ್ದೂ ಅಲ್ಲ, ಪರಿಹಾರದ ಮಾತು ಬಂದಾಗ ಎಲ್ಲರದ್ದೂ! ನಮ್ಮ ಓಣಿಯ ಆಚೆ ಒಬ್ಬ ಅವ್ವನ ಐದು ಹಂದಿ ಇದ್ದವು. ಒಂದಕ್ಕೂ ಜ್ವರ ಇರಲಿಲ್ಲ. ಅವನ್ನೂ ಕೊಂದರು. "ನಿಂದರಿಂದ ನಂದೂ ಹೋದುವಲ್ಲೋ ಯಪ್ಪಾ" ಅಂದಳು. ಏನು ಹೇಳಲಿ? ಪರಿಹಾರ ತೂಕದ ಲೆಕ್ಕದಲ್ಲಿ ಸಿಗುತ್ತದೆ, ಆದರೆ ಅಧಿಕಾರಿಗಳು ಕೊಂದ ಹಂದಿಗೆ ಮಾತ್ರ. ಅವಳ ಐದಕ್ಕೂ ಬಂತು. ನನ್ನಲ್ಲಿ ಮೊದಲೇ ಸತ್ತ 11ಕ್ಕೆ ಬರಲಿಲ್ಲ. ಹಾಗಾಗಿ ಎರಡನೆಯದು ಸಾಯುವ ತನಕ ಕಾಯದೆ, ಮೊದಲನೆಯದಕ್ಕೇ ಡಾಕ್ಟರನ್ನು ಕರೆಯುವುದು ದುಡ್ಡಿನ ಲೆಕ್ಕದಲ್ಲೂ ಸರಿ.

ರೋಗ ಎಲ್ಲಿಂದ ಬಂತು ಅಂತ ಬಹಳ ಯೋಚಿಸಿದೆ. ಮುಸುರೆಯ ಮೇಲೂ ಅನುಮಾನ ಬರುತ್ತದೆ. ಮಾಂಸದ ಚೂರು ಇದ್ದರೆ ಅದರಲ್ಲಿ ವೈರಸ್ ತಿಂಗಳುಗಟ್ಟಲೆ ಇರುತ್ತದೆ. ಆದರೆ ಮುಸುರೆ ನಾನು ಎಲ್ಲ ಕೋಣೆಗೂ ಹಾಕುತ್ತಿದ್ದೆ. ಮೊದಲು ಬಿದ್ದದ್ದು ಟೆಂಪೊ ನಿಂತಿದ್ದ ಬಾಗಿಲ ಪಕ್ಕದ ಕೋಣೆ, ಅದೂ ಎಂಟನೇ ದಿನಕ್ಕೆ. ರೋಗ ಹೊರಗೆ ಬರಲು ನಾಲ್ಕರಿಂದ 19 ದಿನ ಬೇಕು, ಎಂಟು ಅದರೊಳಗೇ ಬರುತ್ತದೆ. ನನ್ನ ಓಟು ಟೆಂಪೊಗೆ. ಆ ಮೂರು ಹಂದಿ ಎಲ್ಲಿಯವು ಅಂತ ದಲ್ಲಾಳಿಯನ್ನು ಕೇಳಿದೆ. ಇವತ್ತಿನ ತನಕ ಹೇಳಿಲ್ಲ.

ಶೆಡ್ಡು ತಿಕ್ಕಿ ತೊಳೆದು, ಎರಡು ಸಲ ಕಾಸ್ಟಿಕ್ ಹೊಡೆದು, ಮೂರು ತಿಂಗಳು ಖಾಲಿ ಬಿಟ್ಟೆ. ಆಮೇಲೆ ಪರೀಕ್ಷೆಗೆ ಅಂತ ಎರಡೇ ಮರಿ ತಂದು, ಎಲ್ಲ ಕೋಣೆಯಲ್ಲೂ ಓಡಾಡಲು ಬಿಟ್ಟು, 40 ದಿನ ಬೆಳಗ್ಗೆ ಸಂಜೆ ಜ್ವರ ನೋಡಿದೆ. 103 ದಾಟಲಿಲ್ಲ. ಆಮೇಲಷ್ಟೇ ಉಳಿದವನ್ನು ತಂದದ್ದು.

ಈಗ ಮುಸುರೆ ಇಲ್ಲ. ಖರ್ಚು ಜಾಸ್ತಿ, ಹಂದಿ ಬೆಳೆಯುವುದೂ ಸ್ವಲ್ಪ ನಿಧಾನ. ರಸ್ತೆ ಬದಿಯಲ್ಲಿ, ಶೆಡ್ಡಿನಿಂದ ನೂರು ಹೆಜ್ಜೆ ದೂರ, ಒಂದು ಸಿಮೆಂಟ್ ಕಟ್ಟೆ ಕಟ್ಟಿಸಿದ್ದೇನೆ. ದಲ್ಲಾಳಿ ಅಲ್ಲೇ ನಿಂತು ಹಾರ್ನ್ ಹೊಡೆಯಬೇಕು. ಮಾರುವ ಹಂದಿಯನ್ನು ನಾವೇ ಅಲ್ಲಿಗೆ ಅಟ್ಟಿಕೊಂಡು ಹೋಗುತ್ತೇವೆ. ಕಟ್ಟೆ ಹತ್ತಿದ ಹಂದಿ ದರ ಕುದುರದಿದ್ದರೂ ವಾಪಸ್ ಶೆಡ್ಡಿಗೆ ಬರುವುದಿಲ್ಲ. ಅದಕ್ಕೇ ದರ ಹಿಂದಿನ ಸಂಜೆಯೇ ಫೋನಿನಲ್ಲಿ ಮಾತಾಡಿಕೊಳ್ಳುತ್ತೇನೆ, ಥರ್ಮಾಮೀಟರ್ ಇಟ್ಟು ನೋಡಿದ ಮೇಲೆ.