ಫಾರೆಕ್ಸ್ ಕಾರ್ಡ್: ಉಳಿದಿರುವುದೆಷ್ಟು, ತುಂಬುವುದು ಯಾವಾಗ, ವಾಪಸು ಪಡೆಯುವುದು ಹೇಗೆ?

ವಿದೇಶಕ್ಕೆ ಹೊರಡುವ ಮುನ್ನ ಬ್ಯಾಂಕಿನಲ್ಲೋ ಹಣ ವಿನಿಮಯದ ಅಂಗಡಿಯಲ್ಲೋ ರೂಪಾಯಿ ಕೊಟ್ಟು ಡಾಲರ್, ಯೂರೊ ತುಂಬಿಸಿಕೊಳ್ಳುವ ಕಾರ್ಡೇ ಫಾರೆಕ್ಸ್ ಕಾರ್ಡ್. ಇದರಲ್ಲಿ ಜನ ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಕಳ್ಳತನದಿಂದಲ್ಲ, ಬ್ಯಾಲೆನ್ಸ್ ತಪ್ಪಾಗಿ ಓದುವುದರಿಂದ. ಸಾಲದು ಎಂದುಕೊಂಡು ಮತ್ತೆ ತುಂಬುತ್ತಾರೆ, ಊರಿಗೆ ಬಂದ ಮೇಲೆ ಅದೇ ಹಣವನ್ನು ಕಡಿಮೆ ದರಕ್ಕೆ ಮಾರುತ್ತಾರೆ.

ಬ್ಯಾಲೆನ್ಸ್ ಓದುವುದು

ಬ್ಯಾಂಕಿನ ಆ್ಯಪ್‌ ಅಥವಾ ಕಾರ್ಡಿನ ಪೋರ್ಟಲ್‌ಗೆ ಲಾಗಿನ್ ಆದರೆ ಪ್ರತಿ ಕರೆನ್ಸಿಗೂ ಒಂದೊಂದು ವ್ಯಾಲೆಟ್ ಕಾಣುತ್ತದೆ. ಮೊದಲು ನೋಡಬೇಕಾದದ್ದು ನೀವಿರುವ ದೇಶದ ಕರೆನ್ಸಿಯ ವ್ಯಾಲೆಟ್. ಎಲ್ಲವನ್ನೂ ಕೂಡಿಸಿ ತೋರಿಸುವ ಮೊತ್ತವನ್ನು ನಂಬಿಕೊಂಡು ಖರ್ಚಿಗೆ ಇಳಿಯಬೇಡಿ. ಸ್ವಿಟ್ಜರ್ಲೆಂಡ್‌ನಲ್ಲಿ ಫ್ರಾಂಕ್ ವ್ಯಾಲೆಟ್ ಖಾಲಿಯಿದ್ದರೆ, ಹಲವು ಕಾರ್ಡ್‌ಗಳು ಯೂರೊ ಅಥವಾ ಡಾಲರ್ ವ್ಯಾಲೆಟ್‌ನಿಂದ ಹಣ ತೆಗೆದುಕೊಳ್ಳುತ್ತವೆ. ಅದಕ್ಕೆ ಬೇರೆ ಕರೆನ್ಸಿಯ ಶುಲ್ಕ ಬೀಳುತ್ತದೆ. ಹಲವು ಬ್ಯಾಂಕುಗಳಲ್ಲಿ ಇದು ಶೇ 2ರಿಂದ 3.5ರಷ್ಟು. ಇನ್ನು ಕೆಲವು ಕಾರ್ಡ್‌ಗಳು ನೇರವಾಗಿ ವಹಿವಾಟನ್ನೇ ತಿರಸ್ಕರಿಸುತ್ತವೆ.

ಎರಡನೆಯದಾಗಿ, ವ್ಯಾಲೆಟ್ ಒಳಗೆ ಎರಡು ಅಂಕಿಗಳಿರಬಹುದು. Ledger Balance ಎಂದರೆ ಕಾರ್ಡಿನ ಲೆಕ್ಕದಲ್ಲಿರುವ ಒಟ್ಟು ಹಣ. Available Balance ಎಂದರೆ ಈಗ ಖರ್ಚು ಮಾಡಬಹುದಾದ ಹಣ. ನಡುವಿನ ವ್ಯತ್ಯಾಸವೇ ಹೋಲ್ಡ್: ಅಂಗಡಿಯವರು ತಡೆಹಿಡಿಸಿದ, ಇನ್ನೂ ಅವರ ಕೈಸೇರದ ಹಣ. ಆ್ಯಪ್ ಒಂದೇ ಅಂಕಿ ತೋರಿಸಿದರೆ, ಸ್ಟೇಟ್‌ಮೆಂಟ್ ತೆರೆದು Pending ಅಥವಾ Authorised ಎಂದಿರುವ ಸಾಲುಗಳನ್ನು ಹುಡುಕಿ.

ಹೋಟೆಲಿನ ಕೌಂಟರ್‌ನಲ್ಲಿ ಚೆಕ್-ಇನ್ ವೇಳೆ ಕಾರ್ಡ್ ಉಜ್ಜಿಸಿಕೊಳ್ಳುವುದು ಬಹಳ ಸಲ ಇಂಥ ಮುಂಗಡ ತಡೆಗಾಗಿಯೇ, ಅಂದರೆ ಪ್ರಿ-ಆಥರೈಸೇಶನ್‌ಗಾಗಿಯೇ. ಹೊರಡುವಾಗ ಅವರು ಆ ತಡೆಯನ್ನೇ ಬಿಲ್ಲಾಗಿ ಬದಲಿಸಿದರೆ ತೊಂದರೆಯಿಲ್ಲ. ಬಿಲ್ಲಿಗೆ ಹೊಸದಾಗಿ ಇನ್ನೊಮ್ಮೆ ಉಜ್ಜಿಸಿಕೊಂಡರೆ ಹಳೆಯ ತಡೆ ಹಾಗೇ ಉಳಿಯುತ್ತದೆ. ಅದು ತಾನಾಗಿ ಬಿಡುವುದಕ್ಕೆ ಕೆಲವು ದಿನಗಳಿಂದ ಒಂದು ತಿಂಗಳವರೆಗೂ ಹಿಡಿಯಬಹುದು. ಇಟಲಿಯಲ್ಲಿ ಆಳಿಲ್ಲದ ಪೆಟ್ರೋಲ್ ಬಂಕ್‌ಗಳೂ ಹೀಗೆಯೇ, ಹಾಕಿಸಿದ್ದಕ್ಕಿಂತ ಹೆಚ್ಚಿನ ಮೊತ್ತವನ್ನು ಮೊದಲೇ ತಡೆಹಿಡಿಯುತ್ತವೆ.

ಒಂದು ಲೆಕ್ಕ ನೋಡೋಣ. ಕಾರ್ಡಿಗೆ 1,500 ಯೂರೊ ತುಂಬಿಸಲಾಗಿದೆ. ರೋಮ್‌ನ ಹೋಟೆಲ್ ಚೆಕ್-ಇನ್ ವೇಳೆ 150 ಯೂರೊ ತಡೆಹಿಡಿಯಿತು, ಹೊರಡುವಾಗ ಬಿಲ್ಲಿನ 480 ಯೂರೊವನ್ನು ಬೇರೆಯಾಗಿ ಪಡೆಯಿತು. ಉಳಿದ ಖರ್ಚು 330 ಯೂರೊ. ಎಲ್ಲ ಪಾವತಿಯೂ ಇತ್ಯರ್ಥವಾದ ಮೇಲೆ ಲೆಡ್ಜರ್‌ನಲ್ಲಿ 690 ಇರುತ್ತದೆ, ಖರ್ಚಿಗೆ ಸಿಗುವುದು ಮಾತ್ರ 540. ಮುಂದಿನ ದಿನಗಳಿಗೆ 650 ಬೇಕು. 540 ನೋಡಿದವರು ಕೂಡಲೇ ರೀಲೋಡ್‌ಗೆ ಹೊರಡುತ್ತಾರೆ. ಆದರೆ ಇಲ್ಲಿ ಬೇಕಿರುವುದು ಹೊಸ ಹಣವಲ್ಲ, ಹೋಟೆಲಿಗೊಂದು ಮಾತು: ‘ಬಿಲ್ ಪೂರ್ತಿ ಕೊಟ್ಟಾಗಿದೆ, ಪ್ರಿ-ಆಥರೈಸೇಶನ್ ರದ್ದು ಮಾಡಿ.’ ಹೊರಡುವ ಕೌಂಟರ್‌ನಲ್ಲೇ ಇದನ್ನು ಕೇಳಿ, ರದ್ದಾದ ಚೀಟಿ ಪಡೆಯುವುದು ಉತ್ತಮ. ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡ್ ಕೊಟ್ಟು, ಬಿಲ್ಲನ್ನು ಮಾತ್ರ ಫಾರೆಕ್ಸ್ ಕಾರ್ಡಿನಲ್ಲಿ ಕಟ್ಟಿದರೆ ಈ ತಲೆನೋವೇ ಇರದು. ಬಾಡಿಗೆ ಕಾರಿನವರಂತೂ ಡೆಪಾಸಿಟ್‌ಗೆ ಪ್ರೀಪೇಯ್ಡ್ ಕಾರ್ಡನ್ನು ಒಪ್ಪದಿರುವುದೇ ಹೆಚ್ಚು.

ಇನ್ನೊಂದು ಎಚ್ಚರಿಕೆ. ಸ್ವೈಪ್ ಯಂತ್ರ ರೂಪಾಯಿಯೋ ಯೂರೊವೋ ಎಂದು ಕೇಳಿದರೆ ಯೂರೊ ಒತ್ತಿ. ಕಾರ್ಡಿನಲ್ಲಿ ರೂಪಾಯಿ ವ್ಯಾಲೆಟ್ ಇಲ್ಲ. ರೂಪಾಯಿ ಒತ್ತಿದರೆ ಯೂರೊ ಬಿಲ್ಲು ಅವರ ದರದಲ್ಲಿ ರೂಪಾಯಿಯಾಗಿ, ಮತ್ತೆ ನಿಮ್ಮ ಕಾರ್ಡಿನಲ್ಲಿ ಯೂರೊ ಆಗುತ್ತದೆ. ಎರಡು ಕಡೆಯೂ ಕಡಿತ.

ನಿಜಕ್ಕೂ ಸಾಲದಿದ್ದರೆ ರೀಲೋಡ್

ಕಾರ್ಡ್ ಕೊಟ್ಟ ಬ್ಯಾಂಕಿನಲ್ಲೇ ಖಾತೆಯಿದ್ದರೆ ಹೆಚ್ಚಿನ ಕಡೆ ನೆಟ್‌ಬ್ಯಾಂಕಿಂಗ್‌ನಲ್ಲೇ ಕೆಲಸ ಮುಗಿಯುತ್ತದೆ. ಕಾರ್ಡ್ ಆಯ್ದು, ಕರೆನ್ಸಿ ಆಯ್ದು, ಮೊತ್ತ ಹಾಕಿ, ಅಂತಿಮ ದರ ನೋಡಿ, ವಿದೇಶಿ ಹಣ ಯಾವ ಉದ್ದೇಶಕ್ಕೆಂದು ತಿಳಿಸುವ ಫಾರ್ಮ್ ಎ2ರ ಘೋಷಣೆಗೆ ಒಪ್ಪಿಗೆ ಕೊಟ್ಟು ಓಟಿಪಿ ಹಾಕಬೇಕು. ಹೆಚ್ಚು ಜನ ಎಡವುವುದು ಎರಡು ಕಡೆ. ಮೊದಲನೆಯದು ಕರೆನ್ಸಿ. ಮೊದಲೇ ಆಯ್ಕೆಯಾಗಿರುವ ಡಾಲರ್ ವ್ಯಾಲೆಟ್‌ಗೇ ತುಂಬಿಬಿಟ್ಟರೆ, ಅದನ್ನು ಯೂರೊಗೆ ವರ್ಗಾಯಿಸಲು ಮತ್ತೆ ವಿನಿಮಯದ ಖರ್ಚು. ಎರಡನೆಯದು ಓಟಿಪಿ. ಭಾರತದ ಸಿಮ್ ತೆಗೆದಿಟ್ಟು ಅಲ್ಲಿನ ಸಿಮ್ ಹಾಕಿಕೊಂಡವರಿಗೆ ಅದು ಬರುವುದೇ ಇಲ್ಲ. ಹೊರಡುವ ಮೊದಲೇ ಎಸ್‌ಎಂಎಸ್ ಬರುವಷ್ಟು ರೋಮಿಂಗ್ ಚಾಲೂ ಇಡಿ.

ಸಮಯವೂ ಮುಖ್ಯ. ಬ್ಯಾಂಕಿನ ವಿನಿಮಯ ವಿಭಾಗ ಮುಚ್ಚಿದ ಮೇಲೆ, ಶನಿವಾರ ಭಾನುವಾರ ಕೋರಿದ ರೀಲೋಡ್ ಮುಂದಿನ ಕೆಲಸದ ದಿನಕ್ಕೆ ಕಾಯಬೇಕಾಗಬಹುದು. ಬೇಸಿಗೆಯಲ್ಲಿ ರೋಮ್‌ನ ಬೆಳಿಗ್ಗೆ 10 ಎಂದರೆ ಇಲ್ಲಿ ಮಧ್ಯಾಹ್ನ 1.30. ಹಾಗಾಗಿ ವಾರದ ದಿನ, ಬೆಳಗಿನ ತಿಂಡಿ ಹೊತ್ತಿಗೇ ಮಾಡಿ ಮುಗಿಸಿ. ಹಣ ವಿನಿಮಯ ಸಂಸ್ಥೆಯಿಂದ ಕಾರ್ಡ್ ಪಡೆದಿದ್ದರೆ, ವಿದೇಶದಿಂದ ರೀಲೋಡ್‌ಗೆ ಯಾವ ಕಾಗದ ಬೇಕೆಂದು ಕೇಳಿ, ಅದಕ್ಕೆ ಸಹಿ ಹಾಕಿ ಮನೆಯವರ ಕೈಯಲ್ಲಿ ಕೊಟ್ಟು ಹೋಗಿ.

ಮೇಲಿನ ಪ್ರಯಾಣಿಕ ಹೋಟೆಲಿಗೆ ಹೇಳದೆ 200 ಯೂರೊ ತುಂಬಿದ ಎನ್ನೋಣ. ಲೆಕ್ಕಕ್ಕಾಗಿ ಬ್ಯಾಂಕಿನ ಮಾರಾಟ ದರ ₹100, ರೀಲೋಡ್ ಶುಲ್ಕ ₹75 ಎಂದು ಹಿಡಿಯೋಣ. 200 ಯೂರೊಗೆ ₹20,000. ಶುಲ್ಕ ಜಿಎಸ್‌ಟಿ ಸೇರಿ ₹88.50. ವಿನಿಮಯದ ಮೇಲಿನ ಜಿಎಸ್‌ಟಿ ₹45: ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಶೇ 1ನ್ನು ತೆರಿಗೆಯ ಮೌಲ್ಯವಾಗಿ ಹಿಡಿಯುತ್ತಾರೆ, ಅದು ₹250ಕ್ಕಿಂತ ಕಡಿಮೆಯಾಗುವಂತಿಲ್ಲ, ಅದರ ಶೇ 18 ಎಂದರೆ ₹45. ಒಟ್ಟು ₹20,133.50. ತಡೆ ಬಿಟ್ಟ ಮೇಲೆ ಈ 200 ಯೂರೊ ಬೇಕಾಗಲೇ ಇಲ್ಲ. ಬ್ಯಾಂಕಿನ ಖರೀದಿ ದರ ₹97ರಲ್ಲಿ ವಾಪಸು ಕೊಟ್ಟರೆ ₹19,400, ಮತ್ತೆ ₹45 ಜಿಎಸ್‌ಟಿ ಕಳೆದು ಕೈಗೆ ₹19,355. ಒಂದು ಫೋನ್ ಮಾಡದ್ದಕ್ಕೆ ₹778.50 ಹೋಯಿತು.

ಉಳಿದದ್ದನ್ನು ವಾಪಸು ಪಡೆಯುವುದು

ಊರಿಗೆ ಬಂದ ಮರುದಿನವೇ ಓಡಬೇಕಿಲ್ಲ. ಮೆಟ್ರೊ ಗೇಟಿನಲ್ಲಿ ತಾಗಿಸಿದ ಪಾವತಿ, ವಿಮಾನದೊಳಗೆ ಕೊಂಡ ವಸ್ತುವಿನ ಬಿಲ್ಲು ತಡವಾಗಿ ಬರುತ್ತವೆ. ಸ್ಟೇಟ್‌ಮೆಂಟಿನಲ್ಲಿ ಬಾಕಿ ಸಾಲುಗಳೆಲ್ಲ ತೀರಿ, ಎರಡೂ ಅಂಕಿಗಳು ಒಂದೇ ಆಗುವವರೆಗೆ ಕಾಯಿರಿ. ಹಾಗೆಂದು ಮರೆಯಲೂಬೇಡಿ. ಖರ್ಚಾಗದ ವಿದೇಶಿ ಹಣವನ್ನು ಮರಳಿದ 180 ದಿನಗಳೊಳಗೆ ಒಪ್ಪಿಸಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಕೆಲವು ಕಾರ್ಡ್‌ಗಳಲ್ಲಿ ಬಹುಕಾಲ ಬಳಸದಿದ್ದರೆ ಶುಲ್ಕವೂ ಕಡಿತವಾಗುತ್ತದೆ.

ವಾಪಸಿಗೆ ಹೋಗಬೇಕಾದದ್ದು ಕಾರ್ಡ್ ಕೊಟ್ಟವರ ಬಳಿಗೇ, ಬೇರೆ ಬ್ಯಾಂಕ್ ಶಾಖೆಗಲ್ಲ. ಕಾರ್ಡ್, ಪಾಸ್‌ಪೋರ್ಟ್ ಪ್ರತಿ, ಪ್ಯಾನ್, ರದ್ದು ಮಾಡಿದ ಚೆಕ್ ಜೊತೆಗಿರಲಿ. ಫಾರ್ಮಿನಲ್ಲಿ ಯಾವ ವ್ಯಾಲೆಟ್, ಎಷ್ಟು ಮೊತ್ತ, ಕಾರ್ಡ್ ಮುಚ್ಚಬೇಕೋ ಇಟ್ಟುಕೊಳ್ಳಬೇಕೋ ಎಂದು ಬಿಡಿಸಿ ಬರೆಯಿರಿ. ಬರೀ ‘ರೀಫಂಡ್’ ಎಂದರೆ ಒಂದೇ ವ್ಯಾಲೆಟ್ ಖಾಲಿ ಮಾಡಿ ಇನ್ನೊಂದನ್ನು ಬಿಟ್ಟುಬಿಡಬಹುದು. ಹಲವು ಬ್ಯಾಂಕುಗಳಲ್ಲಿ ಇದೇ ಕೆಲಸ ಆ್ಯಪ್‌ನಲ್ಲೂ ಆಗುತ್ತದೆ. ದರ ನೀವು ಕೊಂಡ ದಿನದ್ದಲ್ಲ, ವಾಪಸು ನಡೆದ ದಿನದ ಖರೀದಿ ದರ.

‘ಹತ್ತು ದಿನ ಬಿಟ್ಟು ಬನ್ನಿ’ ಎಂದು ಸುಮ್ಮನೆ ಅಲೆಸಿದರೆ ನೆನಪಿಡಿ: ಕೋರಿದ ಕೂಡಲೇ ಉಳಿಕೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಸೂಚಿಸಿದೆ. ಬ್ಯಾಂಕ್ ತಡೆದಿಡಬಹುದಾದದ್ದು ಇಷ್ಟೇ: ಒಪ್ಪಿಗೆಯಾಗಿ ಇನ್ನೂ ಇತ್ಯರ್ಥವಾಗದ ಮೊತ್ತ, ದಾರಿಯಲ್ಲಿರುವ ಬಿಲ್ಲುಗಳಿಗಾಗಿ ಗರಿಷ್ಠ 100 ಡಾಲರ್, ಮತ್ತು ಇಲ್ಲಿ ಕಟ್ಟಬೇಕಾದ ಶುಲ್ಕ, ತೆರಿಗೆ. ಮೊದಲೆರಡು ಕೂಡ ಇತ್ಯರ್ಥದ ಅವಧಿ ಮುಗಿಯುವವರೆಗೆ ಮಾತ್ರ. ಎಷ್ಟು ತಡೆದಿದ್ದಾರೆ, ಯಾವ ವಹಿವಾಟಿಗಾಗಿ ಎಂದು ಬರವಣಿಗೆಯಲ್ಲಿ ಕೇಳಿ. ಬಾಕಿ ಹಣ ಖಾತೆಗೆ ಬಿದ್ದ ಮೇಲೆ, ತಡೆದದ್ದು ಬಿಡುಗಡೆಯಾಯಿತೇ ಎಂದು ಮುಂದಿನ ತಿಂಗಳ ಸ್ಟೇಟ್‌ಮೆಂಟ್‌ನಲ್ಲೂ ಒಮ್ಮೆ ನೋಡಿ.