ಕಾಗದ ಬಿಟ್ಟು ಗೆರೆ ಮಾತ್ರ: ಮಗುವಿನ ಪೆನ್ಸಿಲ್ ಚಿತ್ರಕ್ಕೆ ನಾನು ಮಾಡಿದ್ದು

ಎರಡನೇ ತರಗತಿಯ ಹುಡುಗಿ ಡ್ರಾಯಿಂಗ್ ಪುಸ್ತಕದಲ್ಲಿ ಬಿಡಿಸಿದ ಯಕ್ಷಗಾನದ ಬಣ್ಣದ ವೇಷ. ಕಾಸರಗೋಡಿನ ಕನ್ನಡ ಶಾಲೆಯೊಂದರ ಸಂಚಿಕೆಗೆ ಅದನ್ನು ಹಳದಿ ಮುಖಪುಟದ ಮೇಲೆ ಕೂರಿಸಬೇಕಿತ್ತು. ಮೊದಲು ಬಂದಿದ್ದ ಪ್ರತಿಯಲ್ಲಿ ಯಾರೋ ಬಿಳಿ ಭಾಗವನ್ನು ಆಯ್ದು ಅಳಿಸಿದ್ದರು. ಪ್ರತಿ ಗೆರೆಯ ಪಕ್ಕಕ್ಕೂ ಬೂದುಬಿಳಿ ಅಂಚು ಉಳಿದು, ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತಿತ್ತು.

ಪೆನ್ಸಿಲ್ ಗೆರೆಗೆ ಗಟ್ಟಿಯಾದ ಅಂಚು ಇರುವುದಿಲ್ಲ. ಕಾಗದದ ಉಬ್ಬಿನ ಮೇಲೆ ಸೀಸ ಕೂತು, ತಗ್ಗಿನಲ್ಲಿ ಬಿಳಿ ಉಳಿಯುತ್ತದೆ. ಹಾಗಾಗಿ ಎಲ್ಲಿ ಕತ್ತರಿಸಿದರೂ ತಪ್ಪೇ. ಪ್ರತಿ ಚುಕ್ಕೆ ಎಷ್ಟು ಬೆಳ್ಳಗಿದೆಯೋ ಅಷ್ಟು ಪಾರದರ್ಶಕ ಆಗಬೇಕು. ಅದಕ್ಕೆ ಮುಂಚೆ ಕಾಗದ ಎಲ್ಲ ಕಡೆಯೂ ಒಂದೇ ಬಿಳಿಯಾಗಿರಬೇಕು. ಕೆಲಸವೆಲ್ಲ ಇರುವುದು ಇದರಲ್ಲಿ.

ಫೋಟೋ ಮತ್ತೆ ತೆಗೆದೆ. ಜಗಲಿಯಲ್ಲಿ, ನೇರ ಬಿಸಿಲಿಲ್ಲದ ಜಾಗದಲ್ಲಿ, ಬೆಳಕು ಒಂದು ಪಕ್ಕದಿಂದ ಬರುವಂತೆ ಪುಸ್ತಕ ಇಟ್ಟೆ. ಫ್ಲ್ಯಾಶ್ ಹಾಕಲೇಬಾರದು. ಒತ್ತಿ ತೀಡಿದ ಸೀಸ ಬೆಳಕಿಗೆ ಮಿನುಗುತ್ತದೆ, ಅತಿ ಕಪ್ಪಿರಬೇಕಾದ ಜಾಗವೇ ಫೋಟೋದಲ್ಲಿ ಬೆಳ್ಳಗೆ ಬೀಳುತ್ತದೆ. ಆಮೇಲೆ ಅದಕ್ಕೆ ಮದ್ದಿಲ್ಲ. ಹಾಳೆಯ ಅಡಿಗೆ ಕಪ್ಪು ರಟ್ಟು ಇಟ್ಟರೆ ಹಿಂಬದಿಯ ಚಿತ್ರ ಇತ್ತ ಇಣುಕುವುದು ಕಡಿಮೆಯಾಗುತ್ತದೆ. ಮೊಬೈಲಿನ ಸ್ಕ್ಯಾನರ್ ಆ್ಯಪ್ ಬೇಡ, ಅದು ಕಾಗದವನ್ನು ಬೆಳ್ಳಗೆ ಮಾಡುವ ಭರದಲ್ಲಿ ತೆಳುಗೆರೆಗಳನ್ನೂ ನುಂಗುತ್ತದೆ.

ಮುಂದಿನದು ಚಿತ್ರ ತಿದ್ದುವ ತಂತ್ರಾಂಶ ಜಿಂಪ್‌ನಲ್ಲಿ, 2.10 ಆವೃತ್ತಿ. ಚಿತ್ರವನ್ನು ಸುಮಾರು 2400 ಪಿಕ್ಸೆಲ್ ಅಗಲಕ್ಕೆ ಇಳಿಸಿ, `Desaturate` ಮಾಡಿ ಬಣ್ಣ ತೆಗೆದೆ. ಗೆರೆ ಹಾಕಿದ ನೋಟ್ ಪುಸ್ತಕವಾದರೆ ಇದರ ಬದಲು `Extract Component`ನಲ್ಲಿ ನೀಲಿಯನ್ನು ಮಾತ್ರ ಆರಿಸಿಕೊಳ್ಳಿ. ಅಚ್ಚಿನ ತಿಳಿನೀಲಿ ಗೆರೆ ಅಲ್ಲಿ ಬಹುಪಾಲು ಮಾಯ, ಪೆನ್ಸಿಲ್ ಹಾಗೇ ಉಳಿಯುತ್ತದೆ.

ಲೇಯರಿನ ನಕಲು ಮಾಡಿ, ಮೇಲಿನದನ್ನು ಮಸುಕು ಮಾಡಿ, ಮೋಡ್ `Divide` ಇಟ್ಟರೆ ಕೆಳಗಿನ ಚಿತ್ರ ಅದರಿಂದ ಭಾಗಿಸಲ್ಪಡುತ್ತದೆ. ಕಪ್ಪು 0, ಬಿಳಿ 255 ಎಂಬ ಅಳತೆಯಲ್ಲಿ ನೆರಳಿನ ಮೂಲೆಯ ಕಾಗದ 170 ಇದ್ದರೆ ಮಸುಕಿನಲ್ಲೂ 170. ಭಾಗಿಸಿದಾಗ ಪೂರ್ತಿ ಬಿಳಿ. ಎಲ್ಲರೂ ಇಲ್ಲಿ `Gaussian Blur` ಹಾಕುತ್ತಾರೆ. ಬರೀ ಗೆರೆಗಳಿದ್ದರೆ ಅದು ಸಾಕು. ಈ ಹುಡುಗಿ ಮಾತ್ರ ವೇಷದ ಕಿರೀಟವಾದ ಕೇಸರಿತಟ್ಟಿಯನ್ನು ಪೆನ್ಸಿಲ್ ತೀಡಿ ತೀಡಿ ತುಂಬಿಸಿದ್ದಳು. ಮಸುಕಿನೊಳಗೆ ಆ ಕಪ್ಪೂ ಸೇರಿಕೊಂಡು, ಕಪ್ಪನ್ನು ಕಪ್ಪಿನಿಂದಲೇ ಭಾಗಿಸಿದಂತಾಗಿ, ಕಿರೀಟದ ಒಳಗೆಲ್ಲ ಬಿಳಿಚಿ ಅಂಚು ಮಾತ್ರ ಉಳಿಯಿತು. ತೀಡಿದ ಭಾಗ ಟೊಳ್ಳಾಗಿದ್ದರೆ ಕಾರಣ ಇದೇ.

ಅದಕ್ಕೆ `Median Blur` ಹಾಕಿ, `Radius` 60, `Percentile` 85 ಇಟ್ಟೆ. ಸುತ್ತಲಿನ ಚುಕ್ಕೆಗಳನ್ನು ಕಪ್ಪಿನಿಂದ ಬಿಳಿಗೆ ಸಾಲಾಗಿ ನಿಲ್ಲಿಸಿ, ಬಿಳಿಯ ಕಡೆಯವನ್ನು ಅದು ಆರಿಸುತ್ತದೆ. ಹಾಗಾಗಿ ಸಿಗುವುದು ಕಾಗದದ ಬಣ್ಣವೇ ಹೊರತು ಸೀಸದ್ದಲ್ಲ. ತುಸು ಹೊತ್ತು ಹಿಡಿಯುತ್ತದೆ. ಮೇಲಿನ ಲೇಯರನ್ನು ಒಂಟಿಯಾಗಿ ನೋಡಿದರೆ ಅಲ್ಲಿ ವೇಷದ ಗುರುತೇ ಇರಬಾರದು, ಬರೀ ನೆರಳು ಕಾಣಬೇಕು. ಕಿರೀಟದ ಛಾಯೆ ಇನ್ನೂ ಇದ್ದರೆ `Radius` ಏರಿಸಿ. ಕಾಗದದ ಮುಕ್ಕಾಲು ಪಾಲು ತೀಡಿಯೇ ತುಂಬಿಸಿದ್ದರೆ ಈ ಉಪಾಯ ನಡೆಯದು. ಆಗ ಮೊಬೈಲನ್ನು ಅಲ್ಲಾಡಿಸದೆ, ಅದೇ ಬೆಳಕಿನಲ್ಲಿ ಖಾಲಿ ಹಾಳೆಯ ಫೋಟೋ ತೆಗೆದು ಅದರಿಂದ ಭಾಗಿಸಬೇಕು.

`Flatten Image` ಆದ ಮೇಲೆ `Levels`. ನನ್ನ ಚಿತ್ರದಲ್ಲಿ ಕಾಗದ 245ರಿಂದ ಮೇಲಿತ್ತು, ಅತಿ ತೆಳುಗೆರೆ 225, ಕಿರೀಟದ ಕಪ್ಪು 90. ಬಿಳಿಯ ತುದಿಯನ್ನು 240ಕ್ಕೆ, ಕಪ್ಪಿನ ತುದಿಯನ್ನು 90ಕ್ಕೆ ತಂದೆ. ಈ ಲೆಕ್ಕಕ್ಕೆ 225ರ ಗೆರೆಗೆ ಸಿಗುವ ಗಾಢತೆ ಶೇ. 10 ಅಷ್ಟೇ. ನಡುವಿನ ಗುಂಡಿಯನ್ನು 0.6ಕ್ಕೆ ಸರಿಸಿದಾಗ ಅದು ಶೇ. 16 ಆಯಿತು. ಬಿಳಿಯ ತುದಿಯನ್ನು ಇನ್ನೂ ಕೆಳಗಿಳಿಸಿದರೆ ಕಾಗದದ ಕಲೆ ಹೋಗುತ್ತದೆ ನಿಜ, ಆದರೆ ಮಗು ಹಗುರವಾಗಿ ಎಳೆದ ಗೆಜ್ಜೆಯೂ ಹೋಗುತ್ತದೆ. ಕಲೆಗಳನ್ನು ಬಿಳಿ ಬ್ರಷ್‌ನಿಂದ ಕೈಯಲ್ಲೇ ಒರೆಸಿದೆ. ರಬ್ಬರಿನಿಂದ ಅಳಿಸಿದ್ದರೂ ಉಳಿದಿದ್ದ ಹಳೆಯ ಗೆರೆಯನ್ನು ಮಾತ್ರ ಮುಟ್ಟಲಿಲ್ಲ, ಅದು ಅವಳದ್ದೇ.

ಇನ್ನುಳಿದದ್ದು ಸುಲಭ. `Color to Alpha` ತೆರೆದು ಬಣ್ಣ ಬಿಳಿ ಎಂದಿಟ್ಟರೆ ಬಿಳಿಯೆಲ್ಲ ಪಾರದರ್ಶಕ, ಬೂದುಬಣ್ಣವೆಲ್ಲ ಅರೆಪಾರದರ್ಶಕ ಕಪ್ಪು. ಕೆಳಗೊಂದು ದಟ್ಟ ಹಳದಿ ಲೇಯರ್ ಹಾಕಿ ನೋಡಿ. ಕಾಗದವಿದ್ದ ಜಾಗದಲ್ಲಿ ಹಳದಿ ಮಂಕಾಗಿ, ಹಾಳೆಯ ಚೌಕ ಕಂಡರೆ ಬಿಳಿಯ ತುದಿ ಸಾಲದು, ಹಿಂದಕ್ಕೆ ಹೋಗಿ 240ನ್ನು 236 ಮಾಡಬೇಕು. ಅಪ್ಪಟ ಕಪ್ಪು ಪೆನ್ಸಿಲಿನಂತೆ ಕಾಣುವುದಿಲ್ಲ ಎಂದು ಚಿತ್ರದ ಲೇಯರಿನ ಆಲ್ಫಾ ಲಾಕ್ ಮಾಡಿ `#333333` ತುಂಬಿಸಿದೆ.

ಹಳದಿ ಲೇಯರನ್ನು ಮರೆಮಾಡಿ ಪಿಎನ್‌ಜಿ ಆಗಿ ಉಳಿಸಿ. ಪ್ರೆಸ್ಸಿನವರಿಗೆ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಜೆಪೆಗ್ ಆಗಿ ಪಾರದರ್ಶಕತೆ ದಾರಿಯಲ್ಲೇ ಉದುರಿಹೋಗುತ್ತದೆ. ಡಾಕ್ಯುಮೆಂಟ್ ಎಂದೇ ಕಳಿಸಬೇಕು.