ದಾವಣಗೆರೆಯ ಬಿಸಿಲನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಮಡಿಕೇರಿಗೆ

ನೇಮಕಾತಿ ಪತ್ರ ಕೈಗೆ ಬಂದಾಗ ಮೇ ತಿಂಗಳ ಮೊದಲ ವಾರ. ಜೂನ್ 1ಕ್ಕೆ ಮಡಿಕೇರಿಯಲ್ಲಿ ಕೆಲಸಕ್ಕೆ ಹಾಜರಾಗಬೇಕಿತ್ತು. ಕೈಯಲ್ಲಿದ್ದದ್ದು ಸರಿಯಾಗಿ ನಾಲ್ಕು ವಾರ. ಜೂನ್ ಶುರುವಾದರೆ ಯಾವ ದಿನ ಬೇಕಾದರೂ ಮಳೆ ಹಿಡಿಯಬಹುದು, ಹಿಡಿದರೆ ಬಿಡುವುದು ಯಾವಾಗ ಎಂದು ಹೇಳಲಾಗದು. ಆದ್ದರಿಂದ ಲಾರಿ ಮೇ 26ರೊಳಗೆ ಘಟ್ಟ ಹತ್ತಿರಬೇಕು ಎಂದು ಮೊದಲು ಗೊತ್ತುಮಾಡಿಕೊಂಡು, ಉಳಿದ ಕೆಲಸಗಳನ್ನು ಅಲ್ಲಿಂದ ಹಿಂದಕ್ಕೆ ಎಣಿಸಿದೆ.

ಮೊದಲ ವಾರ ಮನೆ ಹುಡುಕಲಿಕ್ಕೇ ಹೋಯಿತು. ಬೇಸಿಗೆ ರಜೆಯ ಪ್ರವಾಸಿಗರ ಕಾಲವಾದ್ದರಿಂದ ಶನಿವಾರ, ಭಾನುವಾರ ಬಿಟ್ಟು ಮಂಗಳವಾರ ಹೋದೆ. ಮೂರನೆಯ ಮನೆ ಚೆನ್ನಾಗಿ ಕಂಡಿತು, ಹೊಸದಾಗಿ ಬಣ್ಣ ಬಳಿದಿದ್ದರು. ನನ್ನ ಜೊತೆ ಬಂದಿದ್ದ ಸಹೋದ್ಯೋಗಿ ಮಾತ್ರ ಒಳಗೆ ಬಂದವರೇ ಗೋಡೆಯಲ್ಲಿನ ಕಪಾಟಿನ ಬಾಗಿಲು ತೆರೆದು ಮೂಸಿ ನೋಡಿದರು. "ಮೇ ತಿಂಗಳಲ್ಲಿ ಇಲ್ಲಿ ಎಲ್ಲ ಮನೆಯೂ ಚೆಂದವೇ. ಜುಲೈ ಹೇಗಿರುತ್ತದೆ ಎಂದು ಈ ಕಪಾಟು ಹೇಳುತ್ತದೆ" ಎಂದರು. ಒಳಗೆ ಹಳೆಯ ಬೂಸ್ಟಿನ ವಾಸನೆ. ಪಶ್ಚಿಮದ ಗೋಡೆಯ ಬುಡದಲ್ಲಿ ಹೊಸ ಬಣ್ಣವೂ ಆಗಲೇ ಗುಳ್ಳೆ ಎದ್ದಿತ್ತು. ಮಳೆ ಹೊಡೆಯುವುದು ಆ ಕಡೆಯಿಂದಲೇ. ಕೊನೆಗೆ ಹಿಡಿದದ್ದು ಇನ್ನೊಂದು ಬೀದಿಯ ಹಳೆಯ ಮನೆ. ನೋಡಲು ಸಾಧಾರಣ, ಆದರೆ ಪಶ್ಚಿಮಕ್ಕೆ ಅಗಲವಾದ ಸೂರು ಚಾಚಿತ್ತು, ಕಪಾಟು ಒಣಗಿತ್ತು. ರಸ್ತೆಯಿಂದ ಬಾಗಿಲಿಗೆ 42 ಮೆಟ್ಟಿಲು ಇಳಿಯಬೇಕು ಎಂಬುದನ್ನು ಅಂದು ನಾನು ಎಣಿಸಿದೆನೇ ಹೊರತು ಅದರ ಬೆಲೆ ಏನೆಂದು ಯೋಚಿಸಲಿಲ್ಲ.

ಎರಡನೆಯ ವಾರ ಕಾಗದಪತ್ರ. ಇದರಲ್ಲಿ ಮೊದಲು ಬೇಕಾದದ್ದು ಬಾಡಿಗೆ ಕರಾರು. ಹೊಸ ಊರಿನ ವಿಳಾಸಕ್ಕೆ ನಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಸಾಮಾನು ಬಂದ ಮೇಲೆ ಬರೆದುಕೊಳ್ಳೋಣ ಎಂದು ಮನೆಯ ಯಜಮಾನರು ಹೇಳಿದರು. ನಾನು ಒಪ್ಪದೆ, ಮುಂಗಡವನ್ನು ಬ್ಯಾಂಕ್ ಮೂಲಕ ಕಳುಹಿಸಿ 11 ತಿಂಗಳ ಕರಾರನ್ನು ಆಗಲೇ ಮಾಡಿಸಿಕೊಂಡೆ. ವಿದ್ಯುತ್ ಮೀಟರಿನ ಫೋಟೊ ತೆಗೆದು, ಹಿಂದಿನ ಬಿಲ್ಲಿನ ಪ್ರತಿಯನ್ನೂ ಇಟ್ಟುಕೊಂಡೆ. ಮತದಾರರ ಪಟ್ಟಿಗೆ ನಮೂನೆ 8, ಆಧಾರ್ ವಿಳಾಸ ಇವೆಲ್ಲ ಹೋದ ಮೇಲೆ ನಿಧಾನವಾಗಿ ಆದವು.

ಎಡವಿದ್ದು ಅಡುಗೆ ಅನಿಲದಲ್ಲಿ. ಬೇರೆ ಊರಿಗೆ ಹೋಗುವವರು ಸಿಲಿಂಡರನ್ನೂ ರೆಗ್ಯುಲೇಟರನ್ನೂ ಹಳೆಯ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ಟರ್ಮಿನೇಷನ್ ವೋಚರ್ ಎಂಬ ಚೀಟಿ ಪಡೆಯಬೇಕು. ಒಲೆ ನಮ್ಮದೇ. ಆ ಚೀಟಿ ಮತ್ತು ವಿಳಾಸದ ಸಾಕ್ಷಿ ತೋರಿಸಿದರೆ ಹೊಸ ಊರಿನಲ್ಲಿ ಸಂಪರ್ಕ. ಉತ್ಸಾಹದಲ್ಲಿ ನಾನು ಹತ್ತು ದಿನ ಮೊದಲೇ ಸಿಲಿಂಡರ್ ಒಪ್ಪಿಸಿಬಿಟ್ಟೆ. ಆ ಹತ್ತು ದಿನ ಪಕ್ಕದ ಮನೆಯ ಅಜ್ಜಿಯ ಚಹಾ ನಮ್ಮನ್ನು ಕಾಪಾಡಿತು. ಹೊರಡುವ ಹಿಂದಿನ ದಿನ ಒಪ್ಪಿಸಿದ್ದರೆ ಸಾಕಿತ್ತು.

ಮೂರನೆಯ ವಾರದ ಗಂಟುಮೂಟೆಯ ವಿಷಯದಲ್ಲಿ ನನಗೆ ಈಗಲೂ ಹೆಮ್ಮೆಯಿದೆ. ಬಟ್ಟೆ, ಹತ್ತಿ, ಕಾಗದ ಸುತ್ತಲಿನ ಗಾಳಿಯ ತೇವ ಹೀರುತ್ತವೆ. ತೇವ ಹೀರಿದ್ದನ್ನು ಮುಚ್ಚಿಟ್ಟರೆ ಬೂಸ್ಟನ್ನೂ ಜೊತೆಗೇ ಕಟ್ಟಿಕೊಂಡಂತೆ. ಹಾಗಾಗಿ ಹಾಸಿಗೆ, ಕಂಬಳಿ, ಪುಸ್ತಕಗಳನ್ನು ಎರಡು ದಿನ ತಾರಸಿಯ ಬಿಸಿಲಿಗೆ ಹರಡಿ, ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ, ಇನ್ನೂ ಬೆಚ್ಚಗಿರುವಾಗಲೇ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದೆವು. ಸಂಜೆ ಕಟ್ಟಬಾರದು, ಅಷ್ಟರಲ್ಲಿ ತೇವ ಮರಳಲು ಶುರುವಾಗಿರುತ್ತದೆ. ರಟ್ಟಿನ ಪೆಟ್ಟಿಗೆಗಳ ಬದಲು ಟ್ರಂಕು, ಪ್ಲಾಸ್ಟಿಕ್ ಡ್ರಮ್ಮು ಬಳಸಿದೆವು. ಮೂಲ ದಾಖಲೆಗಳು ಲಾರಿ ಏರಲಿಲ್ಲ, ನನ್ನ ಹೆಗಲ ಚೀಲದಲ್ಲಿ ಬಂದವು.

ಲಾರಿ ರಾತ್ರಿ ಹೊರಟು ಹಾಸನ, ಕೊಣನೂರು ದಾಟಿ ಬೆಳಿಗ್ಗೆ ಕುಶಾಲನಗರ ಮುಟ್ಟಿದಾಗ ಆಕಾಶ ತಿಳಿಯಾಗಿತ್ತು. ಚಾಲಕ ತಾಡಪಾಲು ಬಿಚ್ಚಿ ಮಡಿಸಿಟ್ಟ. ಸುಂಟಿಕೊಪ್ಪ ದಾಟುವಷ್ಟರಲ್ಲಿ ಮಂಜು, ಆಮೇಲೆ ಮಳೆ. ಬೇಸಿಗೆ ಮಳೆ ಎಂಬುದೂ ಒಂದಿದೆಯೆಂದು ನನ್ನ ಲೆಕ್ಕದಲ್ಲಿರಲಿಲ್ಲ. ಚೀಲದಲ್ಲಿದ್ದದ್ದೆಲ್ಲ ಉಳಿಯಿತು, ಬರಿದೇ ಇಟ್ಟಿದ್ದ ಮರದ ಮಂಚ ನೆನೆಯಿತು. ಕಬ್ಬಿಣದ ಬೀರು 42 ಮೆಟ್ಟಿಲು ಇಳಿಯಲು ನಾಲ್ವರು ಬೇಕಾದರು. ಲಾರಿ ಬಾಡಿಗೆ ಮಾತಾಡುವಾಗ ಮೆಟ್ಟಿಲಿನ ಮಾತೆತ್ತಿರಲಿಲ್ಲವಾದ್ದರಿಂದ ಕೂಲಿ ಬೇರೆ ತೆತ್ತೆ.

ಕೊನೆಯ ವಾರ ಮನೆ ಜೋಡಿಸುವುದು. ಬೀರುವನ್ನು ಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು, ಇಟ್ಟಿಗೆಯ ಮೇಲೆ ನಿಲ್ಲಿಸಿದೆವು. ಗ್ಯಾಸ್ ಬರುವವರೆಗೆ ಇರಲಿ ಎಂದು ಇಂಡಕ್ಷನ್ ಒಲೆ ಕೊಂಡದ್ದಾಯಿತು. ಎರಡನೆಯ ಸಂಜೆಯೇ ತಂತಿಯ ಮೇಲೆ ಮರ ಬಿದ್ದು ವಿದ್ಯುತ್ ಹೋಯಿತು. ಮೆಟ್ಟಿಲ ಮೇಲಿನ ಮನೆಯ ಯಜಮಾನತಿ ಟಾರ್ಚ್ ಹಿಡಿದು ಇಳಿದು ಬಂದು, "ಊಟಕ್ಕೆ ಮೇಲೆ ಬನ್ನಿ, ನಮ್ಮಲ್ಲಿ ಸೌದೆ ಒಲೆ ಇದೆ. ಒದ್ದೆ ಬಟ್ಟೆ ಇದ್ದರೆ ತನ್ನಿ, ಒಲೆಯ ಮೇಲಿನ ಹಗ್ಗದಲ್ಲಿ ಹಾಕಬಹುದು" ಎಂದರು. ಜೂನ್ 1ಕ್ಕೆ ಕಚೇರಿಗೆ ಹಾಕಿಕೊಂಡು ಹೋದ ಅಂಗಿಯಲ್ಲಿ ಆ ಹೊಗೆಯ ಘಮ ಇನ್ನೂ ಇತ್ತು. ಅಲ್ಲಿ ಯಾರೂ ಅದನ್ನು ಗಮನಿಸಲೇ ಇಲ್ಲ, ಎಲ್ಲರ ಅಂಗಿಯಲ್ಲೂ ಅದೇ ಘಮ.